ರೊಟ್ಟಿ ತಿಂದವನು ನಾನು, ‘ಖಾಈ’ ಯಾಕೆ? ಹಿಂದಿಯ ‘ನೇ’ ಹಿಡಿಯುವ ದಾರಿ

ಗದಗ ಕಡೆಯ ಹುಡುಗನೊಬ್ಬ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ವಾರಕ್ಕೆರಡು ಸಂಜೆ ಧಾರವಾಡದ ನಮ್ಮ ಮನೆಗೆ ಹಿಂದಿ ಕಲಿಯಲು ಬರುತ್ತಾನೆ. ಒಂದು ದಿನ ‘ನಾನು ರೊಟ್ಟಿ ತಿಂದೆ’ ಅನ್ನೋದನ್ನ ಹಿಂದಿಯಲ್ಲಿ ಹೇಳಪ್ಪಾ ಅಂದೆ. ‘ಮೈಂ ರೋಟೀ ಖಾಯಾ’ ಅಂದ. ನಾನು ‘ಮೈಂನೇ ರೋಟೀ ಖಾಈ’ ಅಂತ ತಿದ್ದಿದೆ. ಅವನಿಗೆ ಸಿಟ್ಟೇ ಬಂತು.

“ರೊಟ್ಟಿ ತಿಂದಾಂವ ನಾನರೀ ಅಕ್ಕೋರ. ನಾನು ಗಂಡಸ ಅಲ್ಲೇನ್ರೀ? ಮತ್ತ ‘ಖಾಈ’ ಅಂತ ಹೆಣ್ಣಮಕ್ಕಳ ಹಂಗ ಯಾಕ ಅನ್ನಬೇಕು?”

ನ್ಯಾಯವಾದ ಪ್ರಶ್ನೆ. ಕನ್ನಡದಲ್ಲಿ ರಾಮ ರೊಟ್ಟಿ ತಿಂದ, ಸೀತೆ ರೊಟ್ಟಿ ತಿಂದಳು, ಮಕ್ಕಳು ರೊಟ್ಟಿ ತಿಂದರು. ತಿಂದವರು ಯಾರು ಅನ್ನೋದರ ಮೇಲೆ ಕ್ರಿಯಾಪದ ಬದಲಾಗುತ್ತದೆ. ತಟ್ಟೆಯಲ್ಲಿ ಇದ್ದದ್ದು ರೊಟ್ಟಿಯೋ ಪೇಡಾನೋ, ಒಂದೋ ಹತ್ತೋ, ಕ್ರಿಯಾಪದ ಅದನ್ನ ಕೇಳುವುದೇ ಇಲ್ಲ. ಹಿಂದಿಯಲ್ಲಿ ಮುಗಿದ ಕೆಲಸದ ಮಾತು ಬಂದಾಗ ಇದು ತಿರುಗಿಬಿಡುತ್ತದೆ. ಮಾಡಿದವನ ಹೆಸರಿಗೆ ‘ನೇ’ ಅಂಟಿಕೊಳ್ಳುತ್ತದೆ, ಕ್ರಿಯಾಪದ ಅವನನ್ನು ಬಿಟ್ಟು ರೊಟ್ಟಿಯ ಹಿಂದೆ ಹೋಗುತ್ತದೆ. ಭಾಷಾಶಾಸ್ತ್ರದವರು ಇಂಥ ರಚನೆಗೆ ಎರ್ಗೆಟಿವ್ ಅನ್ನುತ್ತಾರೆ. ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ವಾಕ್ಯ ಕಟ್ಟುವುದು ಹೇಗೆ ಅನ್ನೋದನ್ನ ಮಾತ್ರ ನೋಡೋಣ.

ಕನ್ನಡದಲ್ಲಿ ಇಂಥದ್ದು ಇಲ್ಲವೇ ಇಲ್ಲ ಅಂತ ಹೆದರಬೇಡಿ

ಈ ಮೂರು ವಾಕ್ಯ ನೋಡಿ. ‘ನನಗೆ ಒಂದು ಪೆನ್ನು ಸಿಕ್ಕಿತು.’ ‘ನನಗೆ ನಿನ್ನ ತಂಗಿ ಸಿಕ್ಕಳು.’ ‘ನನಗೆ ಇಬ್ಬರು ಗೆಳೆಯರು ಸಿಕ್ಕರು.’ ಮೂರರಲ್ಲೂ ಮಾತು ನನ್ನದೇ. ಆದರೆ ‘ನಾನು’ ಅನ್ನೋದು ‘ನನಗೆ’ ಆಗಿದೆ, ಕ್ರಿಯಾಪದ ನನ್ನನ್ನು ಮರೆತು ಸಿಕ್ಕವರ ಜೊತೆ ಹೊಂದಿಕೊಂಡಿದೆ. ‘ನನಗೆ ತಂಗಿ ಸಿಕ್ಕೆ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ನನಗೆ ಬಾಲ ಅಂಟಿದ ಕೂಡಲೇ ಕ್ರಿಯಾಪದದ ಮೇಲಿನ ನನ್ನ ಹಿಡಿತ ತಪ್ಪಿತು. ಹಿಂದಿಯ ‘ಮೈಂನೇ’ಯಲ್ಲೂ ಆಗುವುದು ಇಷ್ಟೇ. ನಾವು ‘ಸಿಕ್ಕು’, ‘ಬೇಕು’, ‘ಹಸಿವಾಗು’ ಅನ್ನುವಂಥ ಕೆಲವು ಮಾತಿಗೆ ಮಾತ್ರ ಹೀಗೆ ಮಾಡುತ್ತೇವೆ. ಹಿಂದಿಯವರು ತಿನ್ನು, ನೋಡು, ಓದು, ಬರೆ, ಕೊಡು ಎಲ್ಲಕ್ಕೂ ಮಾಡುತ್ತಾರೆ, ಆದರೆ ಕೆಲಸ ಮುಗಿದಾಗ ಮಾತ್ರ.

ಸಂಸ್ಕೃತ ಓದಿದವರಿಗೆ ಇನ್ನೂ ಸುಲಭ. ‘ರಾಮೇಣ ಕಥಾ ಶ್ರುತಾ’, ‘ಸೀತಯಾ ಗ್ರಂಥಃ ಪಠಿತಃ’ ಅಂತ ಓದಿರುತ್ತೀರಿ. ಕೇಳಿದವನು ರಾಮ, ಆದರೂ ಕಥೆ ಸ್ತ್ರೀಲಿಂಗ ಆದ್ದರಿಂದ ‘ಶ್ರುತಾ’. ಓದಿದವಳು ಸೀತೆ, ಆದರೂ ಗ್ರಂಥ ಪುಲ್ಲಿಂಗ ಆದ್ದರಿಂದ ‘ಪಠಿತಃ’. ಹಿಂದಿಯ ಭೂತಕಾಲದ ರೂಪ ಬೆಳೆದು ಬಂದಿರುವುದು ಈ ‘ತ’ ಪ್ರತ್ಯಯದ ವಾಕ್ಯಗಳಿಂದಲೇ. ಅಲ್ಲಿನ ಹೊಂದಾಣಿಕೆ ಇಲ್ಲಿ ಹಾಗೇ ಉಳಿದಿದೆ.

ಒಂದು ಎಚ್ಚರಿಕೆ ಮಾತ್ರ. ‘ರಾಮ್ ನೇ ರೋಟೀ ಖಾಈ’ ಅನ್ನೋದನ್ನ ಕನ್ನಡಕ್ಕೆ ‘ರಾಮನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಅಂತ ಮಾಡಬೇಡಿ. ಅದು ಇವತ್ತಿನ ಹಿಂದಿಯಲ್ಲಿ ಕರ್ಮಣಿ ಪ್ರಯೋಗ ಅಲ್ಲ. ಕರ್ಮಣಿ ಬೇರೆಯೇ ಇದೆ: ‘ರಾಮ್ ಸೇ ರೋಟೀ ಖಾಈ ಗಈ’. ‘ನೇ’ ಹತ್ತಿದರೂ ರಾಮನೇ ವಾಕ್ಯದ ಯಜಮಾನ. ‘ರಾಮ್ ನೇ ಅಪನೀ ರೋಟೀ ಖಾಈ’ ಅಂದರೆ ‘ಅಪನೀ’ ಅವನದೇ.

ಮೊದಲ ಹೆಜ್ಜೆ: ವಾಕ್ಯದ ಕೊನೆಯಿಂದ ಶುರು ಮಾಡಿ

ನಮ್ಮವರು ಎಡವುವುದು ಎಲ್ಲಿ ಅಂದರೆ, ಬಾಯಿ ತೆಗೆದ ಕೂಡಲೇ ‘ಮೈಂ’ ಅಂದುಬಿಡುತ್ತಾರೆ. ಕನ್ನಡದಲ್ಲಿ ‘ನಾನು’ ಅಂದು, ಆಮೇಲೆ ಯೋಚಿಸಿ, ಕೊನೆಗೆ ಯಾವ ಕ್ರಿಯಾಪದ ಹಾಕಿದರೂ ನಡೆಯುತ್ತದೆ. ಹೋದೆ ಆದರೂ ‘ನಾನು’, ತಿಂದೆ ಆದರೂ ‘ನಾನು’. ಹಿಂದಿಯಲ್ಲಿ ‘ಮೈಂ’ ಅನ್ನಬೇಕೋ ‘ಮೈಂನೇ’ ಅನ್ನಬೇಕೋ ಅನ್ನೋದನ್ನ ತೀರ್ಮಾನ ಮಾಡುವುದು ಕೊನೆಯಲ್ಲಿ ಬರುವ ಕ್ರಿಯಾಪದ. ಆದ್ದರಿಂದ ಕಲಿಯುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಕ್ರಿಯಾಪದ ಬರೆಯಿರಿ, ಆಮೇಲೆ ಏನನ್ನು ಅನ್ನೋದು, ಕೊನೆಗೆ ಯಾರು ಅನ್ನೋದು.

ಆ ಕೊನೆಯ ಕ್ರಿಯಾಪದಕ್ಕೆ ಮೊದಲು ಕೇಳಬೇಕಾದದ್ದು: ಇದು ಮುಗಿದ ರೂಪವೇ? ಖಾಯಾ, ದೇಖಾ, ಲಿಖಾ, ಪಢಾ ಇವು ಮುಗಿದ ರೂಪಗಳು. ಶಾಲೆಯಲ್ಲಿ ‘ಭೂತಕಾಲದಲ್ಲಿ ನೇ ಬರುತ್ತದೆ’ ಅಂತ ಬರೆಸಿರುತ್ತಾರೆ. ಅದು ಅರ್ಧ ಸತ್ಯ. ‘ರಾಮ್ ರೋಟೀ ಖಾತಾ ಥಾ’, ಅಂದರೆ ತಿನ್ನುತ್ತಿದ್ದ, ರೂಢಿ ಇತ್ತು. ‘ರಾಮ್ ರೋಟೀ ಖಾ ರಹಾ ಥಾ’, ಅಂದರೆ ಆ ಹೊತ್ತಿಗೆ ತಿನ್ನುತ್ತಾ ಇದ್ದ. ಎರಡೂ ಭೂತಕಾಲವೇ, ಎರಡಕ್ಕೂ ‘ನೇ’ ಇಲ್ಲ. ಇತ್ತ ‘ರಾಮ್ ನೇ ರೋಟೀ ಖಾಈ ಹೋಗೀ’, ಅಂದರೆ ತಿಂದಿರಬೇಕು ಅನ್ನೋ ಊಹೆ. ಅಲ್ಲಿ ‘ನೇ’ ಇದೆ. ‘ಖಾಈ ಹೈ’, ‘ಖಾಈ ಥೀ’ ಇದ್ದರೂ ‘ನೇ’ ಬೇಕು. ಕಾಲದ ಹೆಸರು ಬಿಡಿ, ‘ಖಾಯಾ-ಖಾಈ’ ಅನ್ನುವ ತುಂಡು ಕಾಣುತ್ತದೆಯೇ ಅಷ್ಟೇ ನೋಡಿ.

ಎರಡನೇ ಹೆಜ್ಜೆ: ‘ಏನನ್ನು?’ ಅಂತ ಕೇಳಿ

ಮುಗಿದ ರೂಪ ಅಂತ ಗೊತ್ತಾಯಿತು. ಈಗ ಆ ಕ್ರಿಯಾಪದ ಸಕರ್ಮಕವೇ ನೋಡಬೇಕು. ತಿಂದ, ಏನನ್ನು? ರೊಟ್ಟಿಯನ್ನು. ಹಾಗಾದರೆ ‘ನೇ’ ಬರುತ್ತದೆ. ಹೋದ, ಏನನ್ನು? ಪ್ರಶ್ನೆಯೇ ಹೊಂದುವುದಿಲ್ಲ. ಹಾಗಾದರೆ ‘ನೇ’ ಇಲ್ಲ: ‘ರಾಮ್ ಗಯಾ’, ‘ಸೀತಾ ಗಈ’. ನಕ್ಕ, ಮಲಗಿದ, ಬಂದ, ಕುಳಿತ, ಎಲ್ಲ ಹೀಗೇ. ಇವುಗಳಲ್ಲಿ ಕ್ರಿಯಾಪದ ನಮ್ಮ ಕನ್ನಡದ ಹಾಗೆ ಮಾಡಿದವರ ಜೊತೆಗೇ ಹೊಂದುತ್ತದೆ.

ಇದು ಹತ್ತಕ್ಕೆ ಒಂಬತ್ತು ಸಲ ಕೈ ಹಿಡಿಯುತ್ತದೆ. ಕೈ ಕೊಡುವ ಕಡೆ ನೋಡಿ. ಕನ್ನಡದಲ್ಲಿ ‘ಗೆಳೆಯನನ್ನು ಭೇಟಿಯಾದೆ’ ಅನ್ನುತ್ತೇವೆ, ‘ಅನ್ನು’ ಇದೆ. ಆದರೆ ಹಿಂದಿಯ ‘ಮಿಲನಾ’ ಅಕರ್ಮಕ. ಅದಕ್ಕೆ ‘ಸೇ’ ಬೇಕು: ‘ಮೈಂ ದೋಸ್ತ್ ಸೇ ಮಿಲಾ’. ಇಲ್ಲಿ ‘ಮೈಂನೇ’ ಅಂದರೆ ತಪ್ಪು. ‘ಬಸ್ ಹತ್ತಿದೆ’ ಕೂಡ ಹಾಗೇ: ‘ಮೈಂ ಬಸ್ ಮೇಂ ಚಢಾ’. ಬಸ್ ‘ಹಿಡಿದೆ’ ಅಂದರೆ ಮಾತ್ರ ಬದಲಾಗುತ್ತದೆ, ಯಾಕೆಂದರೆ ‘ಪಕಡನಾ’ ಸಕರ್ಮಕ, ಬಸ್ ಹಿಂದಿಯಲ್ಲಿ ಹೆಣ್ಣು: ‘ಮೈಂನೇ ಬಸ್ ಪಕಡೀ’. ತಿರುವು ಇನ್ನೊಂದು ಕಡೆಗೂ ಇದೆ. ‘ನಾನು ಅವನಿಗೆ ಹೇಳಿದೆ’ ಅನ್ನುವಲ್ಲಿ ‘ಅನ್ನು’ ಕಾಣುವುದಿಲ್ಲ, ಹಿಂದಿಯಲ್ಲೂ ‘ಉಸ್‌ಸೇ’ ಅಂತಾರೆ. ಆದರೂ ‘ಕಹನಾ’ ಸಕರ್ಮಕ, ಹೇಳಿದ ಮಾತೇ ಅದರ ಕರ್ಮ: ‘ಮೈಂನೇ ಉಸ್‌ಸೇ ಕಹಾ’. ‘ಪೂಛನಾ’ ಹಾಗೇ: ‘ಮೈಂನೇ ಉಸ್‌ಸೇ ಪೂಛಾ’. ಹೀಗಾಗಿ ‘ಏನನ್ನು?’ ಅನ್ನೋ ಪ್ರಶ್ನೆಯನ್ನು ಕನ್ನಡದ ಮಾತಿಗಲ್ಲ, ಹಿಂದಿಯ ಕ್ರಿಯಾಪದಕ್ಕೆ ಕೇಳಬೇಕು. ಹೊಸ ಕ್ರಿಯಾಪದ ಕಲಿತಾಗಲೆಲ್ಲ ‘ನೇ’ ಹಾಕಿದ ಒಂದು ವಾಕ್ಯದ ಜೊತೆಗೇ, ಇಲ್ಲವೇ ಹಾಕದ ವಾಕ್ಯದ ಜೊತೆಗೇ ಕಲಿತುಬಿಡಿ.

ಕೆಲವು ಮೊಂಡು ಪದಗಳಿವೆ. ‘ಲಾನಾ’, ಅಂದರೆ ತರು, ಸಕರ್ಮಕ ಆಗಿದ್ದರೂ ‘ನೇ’ ತಗೊಳ್ಳುವುದಿಲ್ಲ: ‘ಮೈಂ ಕಿತಾಬ್ ಲಾಯಾ’. ಕಾರಣ ಇದೆ. ಅದು ‘ಲೇ ಆನಾ’, ತಗೊಂಡು ಬರು, ಅನ್ನೋದರ ಕುಗ್ಗಿದ ರೂಪ. ಒಳಗೆ ‘ಬರು’ ಕೂತಿದೆ. ‘ಬೋಲನಾ’, ‘ಭೂಲನಾ’ ಇವೂ ಸಾಮಾನ್ಯವಾಗಿ ‘ನೇ’ ಇಲ್ಲದೆಯೇ ಬರುತ್ತವೆ: ‘ರಾಮ್ ಬೋಲಾ’, ಆದರೆ ‘ರಾಮ್ ನೇ ಕಹಾ’. ‘ಸಮಝನಾ’ ಎರಡೂ ರೀತಿ ನಡೆಯುತ್ತದೆ. ಇದಕ್ಕೆ ಉಲ್ಟಾ ‘ಛೀಂಕನಾ’, ಸೀನು, ಅಕರ್ಮಕದ ಹಾಗೆ ಕಂಡರೂ ‘ನೇ’ ಕೇಳುತ್ತದೆ: ‘ರಾಮ್ ನೇ ಛೀಂಕಾ’. ಈ ಪಟ್ಟಿ ಸಣ್ಣದು, ಬಾಯಿಪಾಠ ಮಾಡಿದರೆ ಸಾಕು.

ಮೂರನೇ ಹೆಜ್ಜೆ: ಕರ್ಮ ಬರೀ ಇದೆಯೋ, ‘ಕೋ’ ಹಾಕಿಕೊಂಡಿದೆಯೋ?

‘ನೇ’ ಬಂತು. ಮಾಡಿದವನು ಬದಿಗೆ ಸರಿದ. ಈಗ ಕ್ರಿಯಾಪದ ಯಾರ ಜೊತೆ ಹೊಂದಬೇಕು? ಕರ್ಮಕ್ಕೆ ಯಾವ ಬಾಲವೂ ಇಲ್ಲದಿದ್ದರೆ ಅದರ ಜೊತೆ. ಪೇಡಾ ಪುಲ್ಲಿಂಗ: ‘ಪೇಡಾ ಖಾಯಾ’. ಎರಡು ಪೇಡಾ ಆದರೆ ‘ದೋ ಪೇಡೇ ಖಾಏ’. ರೋಟೀ ಸ್ತ್ರೀಲಿಂಗ: ‘ರೋಟೀ ಖಾಈ’. ಎರಡಾದರೆ ‘ದೋ ರೋಟಿಯಾಂ ಖಾಈಂ’, ಕೊನೆಯಲ್ಲಿ ಮೂಗಿನ ಸ್ವರ. ತಿಂದವನು ರಾಮನೋ ಸೀತೆಯೋ ಮನೆಮಂದಿಯೆಲ್ಲರೋ, ಈ ನಾಲ್ಕು ರೂಪ ಬದಲಾಗುವುದಿಲ್ಲ. ವರ್ಕ್‌ಶಾಪಿನ ಹುಡುಗನ ಸಿಟ್ಟಿಗೆ ಉತ್ತರ ಇಲ್ಲೇ ಇದೆ. ‘ಖಾಈ’ ಅನ್ನೋದು ಅವನ ಬಗ್ಗೆ ಏನೂ ಹೇಳುತ್ತಿಲ್ಲ, ರೊಟ್ಟಿಯ ಬಗ್ಗೆ ಹೇಳುತ್ತಿದೆ.

ಕರ್ಮಕ್ಕೆ ನಮ್ಮ ‘ಅನ್ನು’ವಿನಂಥ ‘ಕೋ’ ಹತ್ತಿತು ಅಂದರೆ ಅದೂ ಬದಿಗೆ ಸರಿಯಿತು. ಈಗ ಹೊಂದಿಕೊಳ್ಳಲು ಯಾರೂ ಉಳಿಯಲಿಲ್ಲ. ಆಗ ಕ್ರಿಯಾಪದ ಪುಲ್ಲಿಂಗ ಏಕವಚನದಲ್ಲಿ ಸುಮ್ನೆ ನಿಂತುಬಿಡುತ್ತದೆ. ‘ಸೀತಾ ನೇ ಲಡಕಿಯೋಂ ಕೋ ಬುಲಾಯಾ.’ ಕರೆದವಳೂ ಹೆಣ್ಣು, ಕರೆಸಿಕೊಂಡವರೂ ಹೆಣ್ಣುಮಕ್ಕಳು, ಆದರೂ ‘ಬುಲಾಯಾ’. ಇಡೀ ವಾಕ್ಯದಲ್ಲಿ ಗಂಡಸೇ ಇಲ್ಲ ಅಂತ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಯಾರೂ ಸಿಗದಾಗ ಹಿಂದಿ ಹಾಕುವ ಖಾಲಿ ರೂಪ ಅದು, ನಮ್ಮ ‘ಆಯಿತು’, ‘ಬಂತು’ ಇದ್ದ ಹಾಗೆ.

ಯಾವಾಗ ‘ಕೋ’ ಹಾಕಬೇಕು? ಮನುಷ್ಯರು ಕರ್ಮವಾದರೆ ಹೆಚ್ಚಾಗಿ ಬೇಕೇ ಬೇಕು. ವಸ್ತುಗಳಿಗೆ ಸಾಮಾನ್ಯವಾಗಿ ಬೇಡ, ‘ಆ ಸೀರೆಯನ್ನೇ’ ಅಂತ ಗುರುತಿಟ್ಟು ಹೇಳುವಾಗ ಹಾಕಬಹುದು. ಇಲ್ಲಿ ಪುಸ್ತಕದ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ಬರೆಯುವಾಗ ‘ರೊಟ್ಟಿಯನ್ನು ತಿಂದೆ’, ‘ಚಹಾವನ್ನು ಕುಡಿದೆ’ ಅಂತ ಬರೆದು ರೂಢಿಯಾಗಿ, ಹಿಂದಿಯಲ್ಲೂ ಎಲ್ಲಕ್ಕೂ ‘ಕೋ’ ಅಂಟಿಸುತ್ತೇವೆ. ಮಾತಾಡುವ ಕನ್ನಡವನ್ನು ನೆನಪಿಸಿಕೊಳ್ಳಿ. ‘ರೊಟ್ಟಿ ತಿಂದೆ’, ‘ಚಾ ಕುಡದೆ’ ಅಂತೀವಿ, ಆದರೆ ‘ತಂಗೀನ್ನ ಕರದೆ’ ಅಂತೀವಿ. ಬಾಯಲ್ಲಿ ‘ಅನ್ನು’ ಬಿಟ್ಟುಹೋಗುವ ಕಡೆ ‘ಕೋ’ ಬಿಡಿ. ಬಹಳ ಮಟ್ಟಿಗೆ ಸರಿಯಾಗುತ್ತದೆ.

ಒಂದು ಗೊಂದಲ ಎಲ್ಲರಿಗೂ ಬರುತ್ತದೆ. ‘ಮೈಂನೇ ಮಾಂ ಕೋ ಸಾಡೀ ದೀ.’ ಇಲ್ಲಿ ‘ಕೋ’ ಇದೆಯಲ್ಲ, ‘ದಿಯಾ’ ಆಗಬೇಕಲ್ಲ? ಇಲ್ಲ. ಈ ‘ಕೋ’ ನಮ್ಮ ‘ಗೆ’, ಅವ್ವನಿಗೆ. ಕೊಟ್ಟದ್ದು ಸೀರೆ, ಅದಕ್ಕೆ ಬಾಲ ಇಲ್ಲ. ಆದ್ದರಿಂದ ‘ದೀ’.

ವಸ್ತುಗಳ ಲಿಂಗ ಮಾತ್ರ ಕಲಿಯಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಕನ್ನಡದಲ್ಲಿ ನೀರು, ಹಾಲು, ಪುಸ್ತಕ ಎಲ್ಲ ‘ಅದು’. ಹಿಂದಿಯಲ್ಲಿ ‘ಅದು’ ಅನ್ನೋ ಲಿಂಗವೇ ಇಲ್ಲ. ‘ಈ’ಯಿಂದ ಮುಗಿದರೆ ಹೆಣ್ಣು ಅನ್ನೋ ಸೂತ್ರ ರೋಟೀ, ಸಾಡೀ, ಚಿಟ್ಠೀಗೆ ಸರಿ. ಆದರೆ ಊಟದ ತಟ್ಟೆಯಲ್ಲೇ ಅದು ಮೂರು ಸಲ ಮುರಿದುಬೀಳುತ್ತದೆ: ಪಾನೀ, ಘೀ, ದಹೀ ಮೂರೂ ಪುಲ್ಲಿಂಗ. ‘ಪಾನೀ ಪಿಯಾ’ ಅನ್ನಬೇಕು, ‘ಚಾಯ್ ಪೀ’ ಅನ್ನಬೇಕು. ನಾನು ಹೇಳಿಕೊಡುವುದು ಹೀಗೆ: ಪದವನ್ನು ಒಂಟಿಯಾಗಿ ಕಲಿಯಬೇಡಿ, ಬಣ್ಣ ಬದಲಿಸುವ ವಿಶೇಷಣದ ಜೊತೆ ಕಲಿಯಿರಿ. ‘ಠಂಡಾ ಪಾನೀ’, ‘ಅಚ್ಛೀ ಚಾಯ್’, ‘ಮೀಠಾ ದೂಧ್’, ‘ಪುರಾನೀ ಕಿತಾಬ್’. ವಿಶೇಷಣದ ‘ಆ’ ಅಥವಾ ‘ಈ’ ಹೇಗಿದೆಯೋ ಕ್ರಿಯಾಪದದ ಕೊನೆಯೂ ಹಾಗೇ.

‘ಗಲತೀ ಕೀ’, ‘ಮದದ್ ಕೀ’, ‘ಕೋಶಿಶ್ ಕೀ’, ‘ಬಾತ್ ಕೀ’ ಇಂಥ ಜೋಡಿಪದಗಳಲ್ಲೂ ಇದೇ ಲೆಕ್ಕ. ‘ಮಾಡು’ ಅನ್ನುವ ‘ಕರನಾ’ದ ಹಿಂದೆ ಕೂತಿರುವ ನಾಮಪದ ಸ್ತ್ರೀಲಿಂಗ ಆದರೆ ‘ಕೀ’, ಪುಲ್ಲಿಂಗ ಆದರೆ ‘ಕಿಯಾ’: ‘ಕಾಮ್ ಕಿಯಾ’, ‘ಇಂತಜಾರ್ ಕಿಯಾ’. ನಮ್ಮ ಹುಡುಗ ಒಂದು ದಿನ ಮನೆಪಾಠ ತಂದು, ಭಾರೀ ಹೆಮ್ಮೆಯಿಂದ, “ಅಕ್ಕೋರ, ಮೈಂನೇ ಏಕ್ ಭೀ ಗಲತೀ ನಹೀಂ ಕಿಯಾ” ಅಂದ. ಒಂದೂ ತಪ್ಪು ಮಾಡಿಲ್ಲ ಅನ್ನೋ ವಾಕ್ಯದಲ್ಲೇ ತಪ್ಪು ಕೂತಿತ್ತು.

ನಾಲ್ಕನೇ ಹೆಜ್ಜೆ: ಈಗ ಮಾಡಿದವನಿಗೆ ‘ನೇ’ ಹಾಕಿ

‘ನೇ’ ಸುಮ್ನೆ ಬಂದು ಪಕ್ಕದಲ್ಲಿ ಕೂರುವುದಿಲ್ಲ, ಕೆಲವು ಪದಗಳನ್ನು ಬಗ್ಗಿಸುತ್ತದೆ. ಲಡಕಾ ಇದ್ದದ್ದು ‘ಲಡಕೇ ನೇ’ ಆಗುತ್ತದೆ, ಬಹಳ ಮಂದಿ ಹುಡುಗರಾದರೆ ‘ಲಡಕೋಂ ನೇ’. ಸರ್ವನಾಮಗಳಲ್ಲಿ ಮೈಂನೇ, ಹಮ್‌ನೇ, ತೂನೇ, ತುಮ್‌ನೇ, ಆಪ್‌ನೇ ಸೀದಾ ಇವೆ. ‘ವಹ್’ ಮಾತ್ರ ‘ಉಸ್‌ನೇ’ ಆಗುತ್ತದೆ, ‘ವೇ’ ಅನ್ನೋದು ‘ಉನ್ಹೋಂನೇ’, ‘ಯಹ್’ ಅನ್ನೋದು ‘ಇಸ್‌ನೇ’, ‘ಯೇ’ ಅನ್ನೋದು ‘ಇನ್ಹೋಂನೇ’. ‘ಯಾರು’ ಅನ್ನುವ ‘ಕೌನ್’ ಅಂತೂ ಗುರುತೇ ಸಿಗದ ಹಾಗೆ ‘ಕಿಸ್‌ನೇ’ ಆಗುತ್ತದೆ. ಇನ್ನು ‘ಮುಝನೇ’, ‘ಮೇರೇ ನೇ’ ಅಂತ ನಮ್ಮ ಕಡೆ ಕೆಲವರು ಹೊಸದಾಗಿ ಮಾಡಿಕೊಳ್ಳುತ್ತಾರೆ. ನನಗೆ ಮತ್ತು ನನ್ನ ಅನ್ನೋದಕ್ಕೆ ರೂಪ ಬದಲಾಗುತ್ತದಲ್ಲ, ಇದಕ್ಕೂ ಬದಲಾಗಬೇಕು ಅನ್ನೋ ತರ್ಕ. ಬೇಡ, ಮೈಂ ಹಾಗೇ ಇರಲಿ.

ಎರಡು ಕ್ರಿಯಾಪದ ಒಂದೇ ವಾಕ್ಯದಲ್ಲಿದ್ದರೆ

ಕನ್ನಡದವರು ‘ಬಂದು’, ‘ಹೋಗಿ’, ‘ತಿಂದು’ ಇಲ್ಲದೆ ಎರಡು ಮಾತಾಡುವುದಿಲ್ಲ. ಹಿಂದಿಯಲ್ಲಿ ಇವಕ್ಕೆ ‘ಆಕರ್’, ‘ಜಾಕರ್’, ‘ಖಾಕರ್’. ‘ನೇ’ ಬೇಕೋ ಬೇಡವೋ ಅನ್ನೋದನ್ನ ‘ಕರ್’ ಅಂಟಿದ ಕ್ರಿಯಾಪದ ಹೇಳುವುದಿಲ್ಲ, ಕೊನೆಯದು ಹೇಳುತ್ತದೆ. ‘ಅವಳು ಮನೆಗೆ ಬಂದು ರೊಟ್ಟಿ ತಿಂದಳು’ ಅಂದರೆ ಕೊನೆಯಲ್ಲಿ ತಿನ್ನು: ‘ಉಸ್‌ನೇ ಘರ್ ಆಕರ್ ರೋಟೀ ಖಾಈ’. ‘ಅವಳು ರೊಟ್ಟಿ ತಿಂದು ಹೋದಳು’ ಅಂದರೆ ಕೊನೆಯಲ್ಲಿ ಹೋಗು: ‘ವಹ್ ರೋಟೀ ಖಾಕರ್ ಗಈ’. ರೊಟ್ಟಿ ಎರಡರಲ್ಲೂ ಇದೆ, ‘ನೇ’ ಒಂದರಲ್ಲೇ.

‘ತಿಂದುಬಿಟ್ಟ’, ‘ತಿಂದು ಮುಗಿಸಿದ’ ತರಹದ ಜೋಡಿಗಳಿಗೂ ಇದೇ ಕಣ್ಣು ಸಾಕು. ಜೋಡಿಯ ಎರಡನೇ ತುಂಡು ‘ಲೇನಾ’, ‘ದೇನಾ’, ‘ಡಾಲನಾ’ ಆದರೆ ‘ನೇ’ ಬರುತ್ತದೆ: ‘ಮೈಂನೇ ರೋಟೀ ಖಾ ಲೀ’. ‘ಜಾನಾ’, ‘ಚುಕನಾ’, ‘ಸಕನಾ’, ‘ಪಾನಾ’, ‘ಲಗನಾ’ ಆದರೆ ಬರುವುದಿಲ್ಲ: ‘ಮೈಂ ರೋಟೀ ಖಾ ಚುಕಾ’, ‘ಮೈಂ ರೋಟೀ ಖಾನೇ ಲಗಾ’. ಒಂದೇ ರೊಟ್ಟಿ, ಒಂದೇ ಬಾಯಿ. ಆದರೂ ಒಂದು ಕಡೆ ‘ಲೀ’ ರೊಟ್ಟಿಯದು, ಇನ್ನೊಂದು ಕಡೆ ‘ಚುಕಾ’ ನನ್ನದು. ‘ಚಲ್ ದಿಯಾ’, ಹೊರಟೇಹೋದ, ಅನ್ನುವಲ್ಲಿ ‘ದೇನಾ’ ಇದ್ದೂ ‘ನೇ’ ಇಲ್ಲ: ‘ವಹ್ ಚಲ್ ದಿಯಾ’. ಮೊದಲ ತುಂಡು ‘ಚಲ್’ ಅಕರ್ಮಕ ಆದ್ದರಿಂದ ಅದು ಬೇರೆ ಜಾತಿ.

ಒಂದು ಪೂರ್ತಿ ಮನೆಪಾಠ ತಿದ್ದೋಣ

ಆ ಹುಡುಗನಿಗೆ ‘ಭಾನುವಾರ ಏನು ಮಾಡಿದೆ’ ಅಂತ ಬರೆದು ತಾ ಅಂದಿದ್ದೆ. ಅಕ್ಕನ ಜೊತೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿ ಅವ್ವನಿಗೆ ಸೀರೆ ತಂದ ಕಥೆ ಬರೆದಿದ್ದ. ಅವನ ಅನುಮತಿ ಪಡೆದು ಇಲ್ಲಿ ಹಾಕುತ್ತಿದ್ದೇನೆ.

ಶುರುವಿನಲ್ಲೇ ‘ಹಮ್‌ನೇ ದುರ್ಗದ ಬೈಲ್ ಗಏ’. ನಾನು ‘ನೇ’ ‘ನೇ’ ಅಂತ ಜೀವ ತಿಂದದ್ದರ ಫಲ, ಎಲ್ಲ ಕಡೆ ಸುರಿದಿದ್ದ. ಕೊನೆಯ ಕ್ರಿಯಾಪದ ‘ಹೋಗು’. ‘ಹಮ್ ದುರ್ಗದ ಬೈಲ್ ಗಏ’ ಅಷ್ಟೇ.

ಆಮೇಲೆ ‘ದೀದೀ ದೋ ಸಾಡಿಯಾಂ ದೇಖೀ’. ಇದು ಮೋಸದ ವಾಕ್ಯ, ನೋಡಲು ಸರಿ ಇದ್ದ ಹಾಗಿದೆ. ಅಕ್ಕ ಹೆಣ್ಣು ಅಂತ ಅವನು ‘ದೇಖೀ’ ಹಾಕಿದ್ದ, ಕನ್ನಡದ ‘ನೋಡಿದಳು’ ಮನಸ್ಸಿನಲ್ಲಿತ್ತು. ಸರಿಯಾದದ್ದು ‘ದೀದೀ ನೇ ದೋ ಸಾಡಿಯಾಂ ದೇಖೀಂ’. ಆ ‘ಈ’ ಬಂದದ್ದು ಸೀರೆಯಿಂದ, ಮೂಗಿನ ಸ್ವರ ಬಂದದ್ದು ಸೀರೆ ಎರಡು ಆದದ್ದರಿಂದ. ಹಾಗೆ ಅರ್ಥ ಆಗದೆ ಬರೆದಿದ್ದರೆ ಮುಂದಿನ ವಾಕ್ಯದಲ್ಲಿ ಬಣ್ಣ ಬಯಲಾಗುತ್ತದೆ. ಆಗಿತ್ತು ಕೂಡ: ‘ದೀದೀ ದೋ ಪೇಡೇ ಖಾಈ’. ಪೇಡಾ ಪುಲ್ಲಿಂಗ, ಎರಡು ಇವೆ. ‘ದೀದೀ ನೇ ದೋ ಪೇಡೇ ಖಾಏ.’ ಹೆಣ್ಣಿನ ಗುರುತು ಕ್ರಿಯಾಪದದಲ್ಲಿ ಎಲ್ಲೂ ಉಳಿಯಲಿಲ್ಲ.

‘ಮೈಂನೇ ಚಾಯ್ ಪಿಯಾ’ ಅಂತ ಬರೆದಿದ್ದ. ‘ನೇ’ ಸರಿ, ಚಹಾದ ಲಿಂಗ ತಪ್ಪಿತ್ತು. ‘ಪೀ’ ಆಗಬೇಕು. ‘ದುಕಾನದಾರ್ ನೇ ಛುಟ್ಟಾ ದೇನಾ ಭೂಲ್ ಗಯಾ’, ಅಂಗಡಿಯವನು ಚಿಲ್ಲರೆ ಕೊಡೋದು ಮರೆತ. ಇಲ್ಲಿ ಕೊನೆಯ ತುಂಡು ‘ಗಯಾ’, ‘ನೇ’ ಹೊಡೆದು ಹಾಕಿದೆ. ‘ಮೈಂನೇ ದೋಸ್ತ್ ಕೋ ಮಿಲಾ’ ಅನ್ನೋದು ‘ಮೈಂ ದೋಸ್ತ್ ಸೇ ಮಿಲಾ’ ಆಯಿತು.

ಕೊನೆಗೆ ಮನೆ. ‘ಮೈಂ ಘರ್ ಆಕರ್ ಮಾಂ ಕೋ ಸಾಡೀ ದಿಖಾಯಾ.’ ‘ಆಕರ್’ ಪಕ್ಕದಲ್ಲೇ ಇದ್ದದ್ದಕ್ಕೆ ‘ನೇ’ ಬಿಟ್ಟಿದ್ದ. ತೋರಿಸು ಕೊನೆಯಲ್ಲಿದೆ, ಸಕರ್ಮಕ: ‘ಮೈಂನೇ ಘರ್ ಆಕರ್ ಮಾಂ ಕೋ ಸಾಡೀ ದಿಖಾಈ’. ‘ಮಾಂ ನೇ ಸಾಡೀ ಕೋ ಸಂದೂಕ್ ಮೇಂ ರಖಾ’ ಅನ್ನೋದು ಮಾತ್ರ ಪೂರ್ತಿ ಸರಿ ಇತ್ತು. ಸೀರೆಗೆ ‘ಕೋ’ ಇದೆ, ಆದ್ದರಿಂದ ‘ರಖಾ’. “ಇದ್ಹೆಂಗ ಸರಿ ಬಂತು?” ಅಂದೆ. “ಗೊತ್ತಿಲ್ರೀ, ಅಲ್ಲಿ ಎಲ್ಲಾನೂ ಹೆಣ್ಣು ಇತ್ತು, ಹೆದರಿಕಿ ಬಂದು ಉಲ್ಟಾ ಹಾಕಿದೆ” ಅಂದ.

ತಪ್ಪಿದ್ದೇನೆ ಅಂತ ತಿಳಿಯೋದು ಹೇಗೆ

ತಿದ್ದುವವರು ಪಕ್ಕದಲ್ಲಿ ಇಲ್ಲದಾಗ ಒಂದು ಪರೀಕ್ಷೆ ಇದೆ. ‘ಹೂಂ’ ಅನ್ನೋದು ‘ಮೈಂ’ ಜೊತೆಗೆ ಮಾತ್ರ ಹೊಂದುವ ರೂಪ. ‘ನೇ’ ಬಂದ ಮೇಲೆ ಕ್ರಿಯಾಪದ ‘ಮೈಂ’ನ ಮಾತು ಕೇಳುವುದಿಲ್ಲ. ಆದ್ದರಿಂದ ಒಂದೇ ವಾಕ್ಯದಲ್ಲಿ ‘ಮೈಂನೇ’ ಮತ್ತು ಅದರ ಕ್ರಿಯಾಪದವಾಗಿ ‘ಹೂಂ’ ಎರಡೂ ಇದ್ದರೆ ಆ ವಾಕ್ಯ ಖಂಡಿತ ತಪ್ಪು. ‘ಮೈಂನೇ ಖಾಯಾ ಹೂಂ’ ಇಲ್ಲ, ‘ಮೈಂನೇ ಖಾಯಾ ಹೈ’. ‘ಮೈಂ ಖಾ ಚುಕಾ ಹೂಂ’ ಸರಿ, ಯಾಕೆಂದರೆ ಅಲ್ಲಿ ‘ನೇ’ ಇಲ್ಲ.

ಕಿವಿಯನ್ನು ನಂಬಿ ಕಲಿಯುತ್ತೇನೆ ಅನ್ನುವವರಿಗೆ ನಮ್ಮೂರಲ್ಲಿ ಸ್ವಲ್ಪ ಕಷ್ಟ. ಹುಬ್ಬಳ್ಳಿಯ ಪೇಟೆಯಲ್ಲಿ ಕೇಳುವುದು ಹೆಚ್ಚಾಗಿ ದಖ್ಖನಿ, ಅಂದರೆ ದಕ್ಷಿಣದ ಕಡೆಯ ಉರ್ದು. ಅದರಲ್ಲಿ ‘ನೇ’ ಬಹುಮಟ್ಟಿಗೆ ಬಿದ್ದುಹೋಗಿ, ಕ್ರಿಯಾಪದ ಮಾಡಿದವನ ಜೊತೆಗೇ ಹೊಂದುತ್ತದೆ: ‘ಮೈಂ ಚಾಯ್ ಪಿಯಾ’, ‘ಮೈಂ ರೋಟೀ ಖಾಯಾ’. ನಮ್ಮ ಹುಡುಗ ಮೊದಲ ದಿನ ಹೇಳಿದ್ದು ಇದನ್ನೇ. ದಖ್ಖನಿಯಲ್ಲಿ ಅದು ತಪ್ಪಲ್ಲ, ಅದರ ವ್ಯಾಕರಣವೇ ಹಾಗೆ, ನಮ್ಮ ಕನ್ನಡಕ್ಕೆ ಹತ್ತಿರ. ಆದರೆ ಪರೀಕ್ಷೆಯ ಹಿಂದಿ, ಆಫೀಸಿನ ಹಿಂದಿ ಬೇರೆ. ಬೆಳಗಾವಿ ಕಡೆಯ ಮರಾಠಿ ಬಲ್ಲವರಿಗೆ ಇನ್ನೊಂದು ಮಾತು. ಮರಾಠಿಯಲ್ಲೂ ಕ್ರಿಯಾಪದ ಕರ್ಮದ ಹಿಂದೆ ಹೋಗುತ್ತದೆ: ‘ರಾಮಾನೇ ಪೋಳೀ ಖಾಲ್ಲೀ’. ಆದರೆ ಅಲ್ಲಿ ‘ಮೀ’ಗೆ ‘ನೇ’ ಹತ್ತುವುದಿಲ್ಲ: ‘ಮೀ ಪೋಳೀ ಖಾಲ್ಲೀ’. ಆ ರೂಢಿಯಲ್ಲಿ ಹಿಂದಿಯಲ್ಲೂ ‘ಮೈಂ ರೋಟೀ ಖಾಈ’ ಅಂದುಬಿಡುತ್ತಾರೆ. ಇನ್ನು ದಿಲ್ಲಿಗೆ ಹೋದವರು ‘ಮೈಂನೇ ಜಾನಾ ಹೈ’ ಅನ್ನೋದನ್ನ ಕೇಳಿ ತಲೆ ಕೆಡಿಸಿಕೊಳ್ಳುತ್ತಾರೆ. ಅದು ಪಂಜಾಬಿಯ ನೆರಳು. ಬರೆಯುವಾಗ ‘ಮುಝೇ ಜಾನಾ ಹೈ’ ಅಂತಲೇ ಬರೆಯಿರಿ.

ನೀವೂ ಈ ಐದನ್ನು ಮಾಡಿ ನೋಡಿ, ಕೊನೆಯಿಂದ ಶುರು ಮಾಡಿ: ಅವಳು ನೀರು ಕುಡಿದಳು. ಅವನು ನಕ್ಕ. ಹುಡುಗರು ಹುಡುಗಿಯನ್ನು ಕರೆದರು. ಅವರು ಪತ್ರ ಓದಿ ಹೋದರು. ಅವರು ಹೋಗಿ ಪತ್ರ ಓದಿದರು.

ಉತ್ತರ: ‘ಉಸ್‌ನೇ ಪಾನೀ ಪಿಯಾ.’ ‘ವಹ್ ಹಂಸಾ.’ ‘ಲಡಕೋಂ ನೇ ಲಡಕೀ ಕೋ ಬುಲಾಯಾ.’ ‘ವೇ ಚಿಟ್ಠೀ ಪಢಕರ್ ಗಏ.’ ‘ಉನ್ಹೋಂನೇ ಜಾಕರ್ ಚಿಟ್ಠೀ ಪಢೀ.’ ನಾಲ್ಕು ಮತ್ತು ಐದನೆಯದರಲ್ಲಿ ಅದೇ ಜನ, ಅದೇ ಪತ್ರ. ‘ವೇ’ ಹೋಗಿ ‘ಉನ್ಹೋಂನೇ’ ಆದದ್ದು ಯಾಕೆ ಅಂತ ನಿಮಗೆ ನೀವೇ ಜೋರಾಗಿ ಹೇಳಿಕೊಳ್ಳಿ. ತಡವರಿಸಿದರೆ ಎರಡನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ.